ನಿದ್ದೆಗೆ ಹೋದ ಕಂಪ್ಯೂಟರ್ ಏಳಲಿಲ್ಲ: ನೇರಳೆ ವೈರು ಸಿಗುವವರೆಗಿನ ಮೂರು ತಿಂಗಳು

ಹನ್ನೊಂದು ರಾತ್ರಿಗಳಿಂದ ನನ್ನ ಕಂಪ್ಯೂಟರ್ ಮಲಗು ಎಂದಾಗ ಮಲಗುತ್ತಿದೆ, ಏಳು ಎಂದಾಗ ಏಳುತ್ತಿದೆ. ಇದಕ್ಕೆ ಮೊದಲು ಮೂರು ತಿಂಗಳು ಪಟ್ಟ ಪಾಡು ಇನ್ನೂ ಹಸಿಯಾಗಿರುವಾಗಲೇ ಬರೆದುಬಿಡುತ್ತೇನೆ. ಇದೇ ತೊಂದರೆ ಇರುವವರು ನನ್ನ ಹಾಗೆ ಫಾರ್ಮ್ಯಾಟ್‌ನಿಂದ ಶುರು ಮಾಡದೆ ಇರಲಿ ಅಂತ.

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಕರಪತ್ರ. ಸೀಸನ್‌ನಲ್ಲಿ ಒಂದೇ ಸಲ ಏಳೆಂಟು ಫೈಲುಗಳು ತೆರೆದಿರುತ್ತವೆ. ರಾತ್ರಿ ಎಲ್ಲ ಮುಚ್ಚಿ ಬೆಳಿಗ್ಗೆ ಮತ್ತೆ ತೆರೆಯುವುದು ತಲೆನೋವು. ಅದಕ್ಕೇ ಯಾವಾಗಲೂ ಸ್ಲೀಪ್‌ಗೆ ಹಾಕಿ ಮಲಗುವುದು ರೂಢಿ. ಕಂಪ್ಯೂಟರ್ ಅಸೆಂಬಲ್ ಮಾಡಿಸಿದ್ದು, ಸುಮಾರು ಐದು ವರ್ಷ ಹಳೆಯದು.

ನವೆಂಬರ್‌ನಲ್ಲಿ ಒಂದು ರಾತ್ರಿ ನೀರು ಕುಡಿಯಲು ಎದ್ದೆ. ಕೆಲಸದ ಕೋಣೆಯ ಬಾಗಿಲ ಸಂದಿಯಿಂದ ಬೆಳಕು ಬರುತ್ತಿತ್ತು. ನೋಡಿದರೆ ಮಾನಿಟರ್ ಹತ್ತಿಕೊಂಡಿದೆ, ಫ್ಯಾನ್ ತಿರುಗುತ್ತಿದೆ, ಲಾಗಿನ್ ಪರದೆ ಕಾಯುತ್ತಿದೆ. ಗಂಟೆ ಎರಡು ನಲವತ್ತು. ಮೌಸ್ ಮೇಲೆ ಏನೋ ಬಿದ್ದಿರಬೇಕು ಎಂದುಕೊಂಡು ಮತ್ತೆ ಮಲಗಿಸಿದೆ. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು.

ಅದಾದ ವಾರಕ್ಕೇ ಉಲ್ಟಾ ತೊಂದರೆ. ಬೆಳಿಗ್ಗೆ ಕೀ ಒತ್ತಿದೆ. ಮಿನುಗುತ್ತಿದ್ದ ಪವರ್ ದೀಪ ನಿಂತು ಉರಿಯಿತು, ಫ್ಯಾನ್ ಜೋರಾಗಿ ತಿರುಗಿತು, ಆದರೆ ಪರದೆ ಕಪ್ಪು. ಐದು ನಿಮಿಷ ಕಾದೆ, ಹತ್ತು ನಿಮಿಷ ಕಾದೆ. ಕೊನೆಗೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕಾಯಿತು. ಹಿಂದಿನ ಸಂಜೆ ಎರಡು ಗಂಟೆ ಕೂತು ಮಾಡಿದ ಒಂದು ಲಗ್ನಪತ್ರಿಕೆ ಸೇವ್ ಆಗಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಅವರು ಪ್ರೂಫ್ ನೋಡಲು ಬರುವವರಿದ್ದರು. ಅಳು ಬಂದುಬಿಟ್ಟಿತು.

ಇಲ್ಲಿ ಒಂದು ಮಾತು. ಪರದೆ ಕಪ್ಪಾಗಿದ್ದಾಗ ತಕ್ಷಣ ಆಫ್ ಮಾಡಬೇಡಿ. ಮೊದಲು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಒಳಗೆ ವಿಂಡೋಸ್ ಎದ್ದಿದೆ, ಚಿತ್ರ ಮಾತ್ರ ಬರುತ್ತಿಲ್ಲ ಎಂದರ್ಥ. ಆಗ ಗ್ರಾಫಿಕ್ಸ್ ಡ್ರೈವರ್, ಮಾನಿಟರ್, ಅದರ ಕೇಬಲ್ ಕಡೆ ನೋಡಬೇಕು. ದೀಪ ಅಲ್ಲಾಡದಿದ್ದರೆ ಮಷೀನೇ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿದೆ. ನನ್ನದು ಎರಡನೆಯದು. ಈ ಒಂದು ಪರೀಕ್ಷೆ ಮೊದಲೇ ಗೊತ್ತಿದ್ದರೆ ನಾನು ಡ್ರೈವರ್‌ಗಳ ಹಿಂದೆ ಎರಡು ವಾರ ಓಡುತ್ತಿರಲಿಲ್ಲ.

ಅಂಗಡಿಯಲ್ಲಿ ಸರಿ, ಮನೆಯಲ್ಲಿ ಇಲ್ಲ

ಹತ್ತಿರದ ಕಂಪ್ಯೂಟರ್ ಅಂಗಡಿಗೆ ಒಯ್ದೆ. "ಮೇಡಂ, ವಿಂಡೋಸ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಿದ್ರೆ ಸರಿ ಹೋಗುತ್ತೆ" ಎಂದರು. ಮೂರು ದಿನ ಇಟ್ಟುಕೊಂಡರು, 500 ರೂಪಾಯಿ ತೆಗೆದುಕೊಂಡರು. ಅಲ್ಲಿ ಹತ್ತಾರು ಸಲ ಮಲಗಿಸಿ ಎಬ್ಬಿಸಿ ತೋರಿಸಿದರು, ಒಮ್ಮೆಯೂ ಕೈಕೊಡಲಿಲ್ಲ. ಮನೆಗೆ ತಂದ ಎರಡನೇ ಬೆಳಿಗ್ಗೆಯೇ ಕಪ್ಪು ಪರದೆ. ಫಾಂಟ್‌ಗಳನ್ನೆಲ್ಲ ಮತ್ತೆ ಹಾಕಿಕೊಳ್ಳಲು ಒಂದು ಇಡೀ ದಿನ ಹೋಗಿತ್ತು.

ಮತ್ತೆ ಒಯ್ದಾಗ, "ಹಾಗಾದ್ರೆ ಬೋರ್ಡೇ ಹೋಗಿದೆ, 7,500 ಆಗುತ್ತೆ" ಎಂದರು. ಯಾವ ಆಧಾರದ ಮೇಲೆ ಎಂದು ಕೇಳಿದರೆ ಉತ್ತರವಿಲ್ಲ. ನಾನು ವಾಪಸ್ ತಂದೆ. ಅಂಗಡಿಯಲ್ಲಿ ಸರಿ ಇದ್ದದ್ದು ಮನೆಯಲ್ಲಿ ಯಾಕೆ ಕೆಡುತ್ತದೆ ಎಂಬ ಪ್ರಶ್ನೆ ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಅದೇ ಪ್ರಶ್ನೆ ಕೊನೆಗೆ ದಾರಿ ತೋರಿಸಿತು, ಆದರೆ ಅದಕ್ಕೆ ಇನ್ನೂ ಒಂದು ತಿಂಗಳು ಬೇಕಾಯಿತು.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಎಷ್ಟು ಗಂಟೆಗೆ ಮಲಗಿಸಿದೆ, ತಾನಾಗಿ ಎದ್ದಿತೋ ಇಲ್ಲವೋ, ಬೆಳಿಗ್ಗೆ ಏನಾಯಿತು, ಇಷ್ಟೇ. ಇನ್ನೊಂದು ತೀರ್ಮಾನವನ್ನೂ ಮಾಡಿದೆ: ತಾನಾಗಿ ಏಳುವುದು ಮತ್ತು ಏಳದೇ ಇರುವುದು ಎರಡನ್ನೂ ಬೇರೆ ಬೇರೆ ಕಾಯಿಲೆ ಎಂದೇ ಹಿಡಿದು ನೋಡುವುದು. ಒಂದೇ ಸಮಯದಲ್ಲಿ ಶುರುವಾಗಿದ್ದರಿಂದ ನಾನು ಎರಡಕ್ಕೂ ಒಂದೇ ಕಾರಣ ಹುಡುಕುತ್ತಿದ್ದೆ. ಅದು ತಪ್ಪಾಗಿತ್ತು.

ಯಾರು ಎಬ್ಬಿಸುತ್ತಿದ್ದಾರೆ

ತಾನಾಗಿ ಏಳುವುದನ್ನು ಪತ್ತೆ ಹಚ್ಚುವುದು ಸುಲಭ. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಪವರ್‌ಶೆಲ್ ಅಥವಾ ಟರ್ಮಿನಲ್ ಅನ್ನು ಅಡ್ಮಿನ್ ಆಗಿ ತೆರೆದು ಇವನ್ನು ಒಂದೊಂದಾಗಿ ಕೊಡಿ:

```
powercfg /a
powercfg /lastwake
powercfg /devicequery wake_armed
powercfg /waketimers
```

ಮೊದಲನೆಯದು ನಿಮ್ಮ ಮಷೀನಿಗೆ ಯಾವ ಬಗೆಯ ನಿದ್ದೆ ಬರುತ್ತದೆ ಎಂದು ಹೇಳುತ್ತದೆ. ನನ್ನದರಲ್ಲಿ `Standby (S3)` ಎಂದಿತ್ತು. ಎರಡನೆಯದು ಕೊನೆಯ ಬಾರಿ ಎಬ್ಬಿಸಿದ್ದು ಯಾರು ಎಂದು ಹೇಳುತ್ತದೆ. ಮೂರನೆಯದು ಎಬ್ಬಿಸುವ ಅಧಿಕಾರ ಯಾರ್ಯಾರಿಗೆ ಇದೆ ಎಂಬ ಪಟ್ಟಿ. ನಾಲ್ಕನೆಯದು ಮುಂದೆ ಎಬ್ಬಿಸಲು ಅಲಾರಂ ಇಟ್ಟಿರುವ ಪ್ರೋಗ್ರಾಂಗಳನ್ನು ತೋರಿಸುತ್ತದೆ.

ಎರಡನೆಯದರಲ್ಲಿ ಒಂದು ತೊಂದರೆ ಇದೆ. ಬೆಳಿಗ್ಗೆ ನೀವೇ ಎಬ್ಬಿಸಿದ ಮೇಲೆ ಅದು ನೀವು ಒತ್ತಿದ ಕೀಬೋರ್ಡ್ ಅಥವಾ ಬಟನ್ನಿನ ಹೆಸರನ್ನೇ ಹೇಳುತ್ತದೆ, ರಾತ್ರಿಯದು ಕಾಣುವುದಿಲ್ಲ. ಹಳೆಯದೆಲ್ಲ ಬೇಕಾದರೆ ಪವರ್‌ಶೆಲ್‌ನಲ್ಲಿ ಇದು:

```
Get-WinEvent -FilterHashtable @{LogName='System'; ProviderName='Microsoft-Windows-Power-Troubleshooter'} -MaxEvents 20 | Format-List TimeCreated, Message
```

ಪ್ರತಿ ಸಲ ಮಲಗಿದ್ದು, ಎದ್ದಿದ್ದು, ಎಬ್ಬಿಸಿದವರು ಯಾರು ಎಂಬುದು ಸಾಲಾಗಿ ಬರುತ್ತದೆ. ಮಲಗಿದ ಮತ್ತು ಎದ್ದ ಸಮಯ ಭಾರತದ ಸಮಯದಲ್ಲಿ ಇರುವುದಿಲ್ಲ, ಐದೂವರೆ ಗಂಟೆ ಸೇರಿಸಿ ಓದಬೇಕು. ನನ್ನ ಪಟ್ಟಿಯಲ್ಲಿ ರಾತ್ರಿ ಎದ್ದಾಗಲೆಲ್ಲ `Wake Source` ಜಾಗದಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರೇ ಇತ್ತು. ಅಂದರೆ ಇಂಟರ್‌ನೆಟ್ಟಿನ ಲ್ಯಾನ್ ವೈರಿನ ಮೂಲಕ ಯಾರೋ ಬಾಗಿಲು ತಟ್ಟುತ್ತಿದ್ದರು.

ಯಾರು ಅಂತ ಹೇಳಿದ್ದು ನೋಟ್‌ಬುಕ್. ಮೂರು ವಾರದ ದಾಖಲೆಯನ್ನು ಕೂತು ನೋಡಿದಾಗ ಶನಿವಾರ ರಾತ್ರಿ, ಭಾನುವಾರ ರಾತ್ರಿ ಒಂದು ಸಲವೂ ತಾನಾಗಿ ಎದ್ದಿರಲಿಲ್ಲ. ಮನೆಯಲ್ಲಿ ಶನಿವಾರ, ಭಾನುವಾರ ರಜೆ ಇರುವವನು ಒಬ್ಬನೇ, ನನ್ನ ತಮ್ಮ. ಅವನಿಗೆ ರಾತ್ರಿ ಪಾಳಿ, ಮನೆಯಿಂದಲೇ ಕೆಲಸ. ಅವನ ಲ್ಯಾಪ್‌ಟಾಪಿನಲ್ಲಿ ನನ್ನ ಕಂಪ್ಯೂಟರಿನ ಒಂದು ಫೋಲ್ಡರನ್ನು ಡ್ರೈವ್ ಹಾಗೆ ಜೋಡಿಸಿಕೊಟ್ಟಿದ್ದೆ. ಅವನು ಫೈಲ್ ಎಕ್ಸ್‌ಪ್ಲೋರರ್ ತೆರೆದಾಗಲೆಲ್ಲ ಅದು ನನ್ನ ಕಂಪ್ಯೂಟರನ್ನು ಹುಡುಕುತ್ತಿತ್ತು. ಅವನಿಗೆ ಗೊತ್ತೇ ಇರಲಿಲ್ಲ. ಅವತ್ತೇ ರಾತ್ರಿ ಪರೀಕ್ಷೆ ಮಾಡಿದೆವು. ನಾನು ಕಂಪ್ಯೂಟರ್ ಮುಂದೆ ಕೂತೆ, ಅವನು ಪಕ್ಕದ ಕೋಣೆಯಿಂದ "ಅಕ್ಕಾ, ಈಗ ಓಪನ್ ಮಾಡ್ತಿದೀನಿ" ಎಂದು ಕೂಗಿದ. ಒಂದೆರಡು ಸೆಕೆಂಡಿನಲ್ಲಿ ಫ್ಯಾನ್ ತಿರುಗಿತು.

ಕಾರಣ ಇಷ್ಟು. ನೆಟ್‌ವರ್ಕ್ ಕಾರ್ಡ್ ಎರಡು ಬಗೆಯಲ್ಲಿ ಕಂಪ್ಯೂಟರನ್ನು ಎಬ್ಬಿಸುತ್ತದೆ. ಒಂದು ಮ್ಯಾಜಿಕ್ ಪ್ಯಾಕೆಟ್. ಇದು ಈ ಕಂಪ್ಯೂಟರನ್ನೇ ಎಬ್ಬಿಸಬೇಕು ಎಂದು ಬೇಕಂತಲೇ ಕಳಿಸುವ ಸಂದೇಶ. ಇನ್ನೊಂದು ಪ್ಯಾಟರ್ನ್ ಮ್ಯಾಚ್. ಇದರಲ್ಲಿ ಯಾರಾದರೂ ಈ ಕಂಪ್ಯೂಟರಿನ ಹೆಸರು ಹಿಡಿದು ಕೇಳಿದರೂ, ಸಂಪರ್ಕಕ್ಕೆ ಪ್ರಯತ್ನಿಸಿದರೂ ಸಾಕು, ಎದ್ದುಬಿಡುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಪ್ರಾಪರ್ಟೀಸ್ ತೆರೆದು `Advanced` ಟ್ಯಾಬಿನಲ್ಲಿ `Wake on pattern match` ಅನ್ನು `Disabled` ಮಾಡಿದೆ. `Power Management` ಟ್ಯಾಬಿನಲ್ಲಿ `Only allow a magic packet to wake the computer` ಎಂಬುದಕ್ಕೆ ಟಿಕ್ ಹಾಕಿದೆ. ಫಾರ್ಮ್ಯಾಟ್ ಮಾಡಿದರೂ ಯಾಕೆ ಹೋಗಿರಲಿಲ್ಲ ಎಂದು ಆಗ ಅರ್ಥವಾಯಿತು. ಹೊಸ ವಿಂಡೋಸ್‌ನಲ್ಲಿ ಡ್ರೈವರ್ ಮತ್ತೆ ಅದನ್ನು ಆನ್ ಮಾಡಿಯೇ ಕೂತಿತ್ತು. ಅಂಗಡಿಯಲ್ಲಿ ಎದ್ದಿರಲಿಲ್ಲ, ಯಾಕೆಂದರೆ ಅಲ್ಲಿ ಲ್ಯಾನ್ ವೈರನ್ನೇ ಹಾಕಿರಲಿಲ್ಲ.

ನಿಮ್ಮಲ್ಲಿ ಎಬ್ಬಿಸಿದವರ ಜಾಗದಲ್ಲಿ `Timer` ಎಂದು ಬಂದರೆ ಅದು ಬೇರೆ ದಾರಿ. ಪವರ್ ಆಪ್ಷನ್ಸ್‌ನ ಸ್ಲೀಪ್ ವಿಭಾಗದಲ್ಲಿ `Allow wake timers` ಎಂಬುದನ್ನು `Disable` ಮಾಡಿ. `Important Wake Timers Only` ಎಂದು ಬಿಟ್ಟರೆ ವಿಂಡೋಸ್ ಅಪ್‌ಡೇಟ್ ಕೆಲವು ಸಲ ಎಬ್ಬಿಸುತ್ತದೆ.

ಪೂರ್ತಿ ಶಟ್‌ಡೌನ್ ಮಾಡಿದರೂ ತಾನಾಗಿ ಆನ್ ಆಗುತ್ತಿದ್ದರೆ ವಿಂಡೋಸ್‌ನಲ್ಲಿ ಹುಡುಕಿ ಸುಖವಿಲ್ಲ, ವಿಂಡೋಸ್‌ಗಿಂತ ಮೊದಲೇ ಶುರುವಾಗುವ ಬಯಾಸ್‌ಗೇ ಹೋಗಬೇಕು. ಪೂರ್ತಿ ಅಂದರೆ ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಕ್ಲಿಕ್ ಮಾಡಬೇಕು. ಇಲ್ಲವಾದರೆ ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್ ಅರ್ಧ ಹೈಬರ್ನೇಟ್ ಆಗಿರುತ್ತದೆ. ನಮ್ಮ ಕಡೆ ಇದಕ್ಕೆ ಬಹಳ ಸಲ ಕಾರಣ ಕರೆಂಟು. ಬಯಾಸ್‌ನಲ್ಲಿ `Restore on AC Power Loss` ಅಥವಾ ಅಂಥದ್ದೇ ಹೆಸರಿನ ಒಂದು ಆಯ್ಕೆ ಇರುತ್ತದೆ. ಅದು `Power On` ಆಗಿದ್ದರೆ ಕರೆಂಟು ಹೋಗಿ ಬಂದ ಕೂಡಲೇ ಕಂಪ್ಯೂಟರ್ ಶುರುವಾಗುತ್ತದೆ. `Power Off` ಮಾಡಿದರೆ ಮುಗಿಯಿತು. ಅಲ್ಲೇ `Resume By RTC Alarm` ಆನ್ ಆಗಿದೆಯೇ ಎಂದೂ ನೋಡಿ, ಅದು ಬಯಾಸ್ ಇಡುವ ಅಲಾರಂ.

ಏಳದೇ ಇರುವುದು

ರಾತ್ರಿ ಬೆಳಕು ನಿಂತಿತು. ಕಪ್ಪು ಪರದೆ ಮಾತ್ರ ನಿಲ್ಲಲಿಲ್ಲ. ವಾರಕ್ಕೆ ಎರಡು, ಕೆಲವು ಸಲ ಮೂರು ದಿನ.

ಈವೆಂಟ್ ವ್ಯೂವರ್‌ನಲ್ಲಿ ನೋಡಿದರೆ ಮಲಗುವಾಗಿನ `Kernel-Power` 42 ಇತ್ತು. ಎದ್ದಿದ್ದರ ದಾಖಲೆ ಇರಲಿಲ್ಲ. ಅದಾದ ಮೇಲೆ ನಾನು ಬಟನ್ ಒತ್ತಿ ಹಿಡಿದಿದ್ದಕ್ಕೆ ಬರುವ 41. ಕ್ಯಾಪ್ಸ್ ಲಾಕ್ ದೀಪವೂ ಸತ್ತಿತ್ತು. ಎರಡನ್ನೂ ಸೇರಿಸಿ ನೋಡಿದರೆ ವಿಂಡೋಸ್‌ನ ಸರದಿ ಬರುವ ಮೊದಲೇ ಏನೋ ಕೆಡುತ್ತಿದೆ ಎಂದಾಯಿತು.

ಈಗ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪರೀಕ್ಷೆ ಹೇಳುತ್ತೇನೆ. ಸ್ಲೀಪ್ ಬದಲು ಹೈಬರ್ನೇಟ್ ಮಾಡಿ ನೋಡುವುದು. ಎರಡರ ನಡುವೆ ಇರುವ ವ್ಯತ್ಯಾಸ ತಿಳಿದರೆ ಮುಂದಿನದೆಲ್ಲ ತಿಳಿಯುತ್ತದೆ. ಹೈಬರ್ನೇಟ್‌ನಲ್ಲಿ ರ‍್ಯಾಮ್‌ನಲ್ಲಿ ಇರುವುದನ್ನೆಲ್ಲ ಡಿಸ್ಕಿಗೆ ಬರೆದು ಮಷೀನ್ ಪೂರ್ತಿ ಆಫ್ ಆಗುತ್ತದೆ. ಸ್ಲೀಪ್‌ನಲ್ಲಿ ಎಲ್ಲವೂ ರ‍್ಯಾಮ್‌ನಲ್ಲೇ ಉಳಿಯುತ್ತದೆ. ಪ್ರೊಸೆಸರ್, ಫ್ಯಾನ್, ಡಿಸ್ಕ್ ಎಲ್ಲ ಆಫ್ ಆದರೂ ರ‍್ಯಾಮ್‌ಗೆ ಮಾತ್ರ ಸಣ್ಣಗೆ ಕರೆಂಟು ಹರಿಯುತ್ತಿರಬೇಕು. ವಿಂಡೋಸ್, ಡ್ರೈವರ್‌ಗಳ ಪಾಲಿಗೆ ಎರಡೂ ಸುಮಾರು ಒಂದೇ ಬಗೆಯ ಕೆಲಸ. ಆದ್ದರಿಂದ ಹೈಬರ್ನೇಟ್ ಸರಿಯಾಗಿ ಎದ್ದು ಸ್ಲೀಪ್ ಮಾತ್ರ ಕೈಕೊಟ್ಟರೆ, ಅನುಮಾನ ರ‍್ಯಾಮ್, ಬಯಾಸ್ ಮತ್ತು ಆ ಸಣ್ಣ ಕರೆಂಟಿನ ಮೇಲೆ ಬೀಳಬೇಕು.

ಹತ್ತು ರಾತ್ರಿ ಹೈಬರ್ನೇಟ್ ಮಾಡಿದೆ. ಹತ್ತಕ್ಕೆ ಹತ್ತೂ ಎದ್ದಿತು. ಆ ಹತ್ತು ದಿನ ಕೆಲಸವೂ ಉಳಿಯಿತು. ಕಾರಣ ಸಿಗುವವರೆಗೆ ನೀವೂ ಹೈಬರ್ನೇಟನ್ನೇ ಬಳಸಿ, ಎದ್ದೇಳಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ ಅಷ್ಟೆ.

ಮೊದಲು ರ‍್ಯಾಮ್ ನೋಡಿದೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ ರ‍್ಯಾಮನ್ನು 3200ರ ವೇಗದಲ್ಲಿ ಓಡಿಸಲಾಗುತ್ತಿತ್ತು. ಕಂಪ್ಯೂಟರ್ ಆನ್ ಮಾಡುವಾಗ ಬಯಾಸ್ ರ‍್ಯಾಮನ್ನು ಮೊದಲಿನಿಂದ ಅಳೆದು ಹೊಂದಿಸಿಕೊಳ್ಳುತ್ತದೆ. ನಿದ್ದೆಯಿಂದ ಏಳುವಾಗ ಅಷ್ಟು ಹೊತ್ತಿಲ್ಲ, ಒಳಗಿನ ಮಾಹಿತಿ ಕೆಡಬಾರದು ಬೇರೆ. ಹಾಗಾಗಿ ಉಳಿಸಿಕೊಂಡ ಹೊಂದಾಣಿಕೆಯನ್ನೇ ಹಾಕುತ್ತದೆ. ರ‍್ಯಾಮ್ ಅಂಚಿನಲ್ಲಿ ಓಡುತ್ತಿದ್ದರೆ ಇಲ್ಲೇ ಎಡವುತ್ತದೆ. ಬಹಳ ಜನರಿಗೆ ಎಕ್ಸ್‌ಎಂಪಿ ಆಫ್ ಮಾಡಿದರೆ ತೊಂದರೆ ಹೋಗುತ್ತದೆ. ಖರ್ಚಿಲ್ಲದ ಪರೀಕ್ಷೆ, ಮೊದಲು ಇದನ್ನೇ ಮಾಡಿ. ನನಗೆ ಹೋಗಲಿಲ್ಲ. ನಾಲ್ಕನೇ ಬೆಳಿಗ್ಗೆ ಮತ್ತೆ ಕಪ್ಪು.

ಆಮೇಲೆ ಬಯಾಸ್ ಅಪ್‌ಡೇಟ್. ಬೋರ್ಡಿನ ಹೆಸರಿನ ಜೊತೆಗೆ ರಿವಿಷನ್ ನಂಬರನ್ನೂ ಬೋರ್ಡಿನ ಮೇಲೆಯೇ ನೋಡಿ ಬರೆದುಕೊಳ್ಳಿ, ಎರಡು ರಿವಿಷನ್‌ಗಳಿಗೆ ಬೇರೆ ಬೇರೆ ಫೈಲ್ ಇರಬಹುದು. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಮಧ್ಯದಲ್ಲಿ ಕರೆಂಟು ಹೋದರೆ ಬೋರ್ಡೇ ಏಳದೆ ಹೋಗಬಹುದು. ಅಪ್‌ಡೇಟ್ ಆದ ಮೇಲೆ ಹಳೆಯ ಸೆಟ್ಟಿಂಗೆಲ್ಲ ಅಳಿಸಿ ಹೋಗುತ್ತದೆ, ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ. ಬೋರ್ಡಿನ ಸೆಲ್ಲನ್ನೂ ಬದಲಾಯಿಸಿದೆ, 40 ರೂಪಾಯಿ. ಎರಡರಿಂದಲೂ ಪ್ರಯೋಜನವಾಗಲಿಲ್ಲ.

ಆ ವಾರ ನಿಜಕ್ಕೂ ಸೋತಂತಾಗಿತ್ತು. 7,500 ಕೊಟ್ಟು ಬೋರ್ಡ್ ಹಾಕಿಸಿಬಿಡೋಣ ಎನಿಸಿತ್ತು.

ಅಮ್ಮನ ಫೋನು

ಮತ್ತೆ ಹಳೆಯ ಪ್ರಶ್ನೆಗೇ ಬಂದೆ. ಅಂಗಡಿಯಲ್ಲಿ ಇಲ್ಲದ್ದು ಮನೆಯಲ್ಲಿ ಏನಿದೆ? ಮೇಜಿನ ಹಿಂದೆ ಟಾರ್ಚ್ ಹಿಡಿದು ನೋಡಿ ಪಟ್ಟಿ ಮಾಡಿದೆ. ಅಂಗಡಿಯಲ್ಲಿ ಕೀಬೋರ್ಡ್, ಮೌಸ್, ಮಾನಿಟರ್ ಮಾತ್ರ. ಮನೆಯಲ್ಲಿ ಲ್ಯಾನ್ ವೈರು, ಪ್ರಿಂಟರ್, ಪೆನ್ ಟ್ಯಾಬ್ಲೆಟ್, ಒಂದು ಹಾರ್ಡ್ ಡಿಸ್ಕ್, ಇನ್ನೊಂದು ಯುಎಸ್‌ಬಿ ಹಬ್. ಆ ಹಬ್ಬಿನಿಂದ ಒಂದು ಬಿಳಿ ಕೇಬಲ್ ಮೇಜಿನ ಅಂಚಿನವರೆಗೆ ಬಂದಿತ್ತು. ಅಮ್ಮ ರಾತ್ರಿ ಫೋನ್ ಚಾರ್ಜಿಗೆ ಹಾಕುವ ಕೇಬಲ್.

ಎಲ್ಲ ಕಿತ್ತು ಐದು ರಾತ್ರಿ ಸ್ಲೀಪ್‌ಗೆ ಹಾಕಿದೆ. ಐದೂ ದಿನ ಎದ್ದಿತು. ಒಂದೊಂದಾಗಿ ಮತ್ತೆ ಸಿಕ್ಕಿಸಿದೆ, ಪ್ರತಿಯೊಂದಕ್ಕೂ ಎರಡು ರಾತ್ರಿ. ಹಾರ್ಡ್ ಡಿಸ್ಕ್, ಟ್ಯಾಬ್ಲೆಟ್ ಹಾಕಿದಾಗಲೂ ಎದ್ದಿತು. ಫೋನ್ ಸೇರಿದ ರಾತ್ರಿಯ ಮಾರನೇ ಬೆಳಿಗ್ಗೆ ಕಪ್ಪು ಪರದೆ. ಅಮ್ಮನಿಗೆ ಬೇಜಾರಾಯಿತು. "ನಾನು ಹಾಕಿದ್ದು ಚಾರ್ಜಿಗೆ ತಾನೆ ಕಣೇ, ಅಷ್ಟಕ್ಕೆ ಇದು ಕೆಡುತ್ತಾ?" ಎಂದರು. ಅವರು ಕೇಳಿದ್ದೇ ಸರಿಯಾದ ಪ್ರಶ್ನೆ. ಅಷ್ಟಕ್ಕೆ ಕೆಡಬಾರದು.

ನಮ್ಮ ಬೀದಿಯ ತುದಿಯಲ್ಲಿ ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಸುಮ್ನೆ ಅವರ ಹತ್ತಿರ ಹೇಳಿಕೊಂಡೆ. ಪೂರ್ತಿ ಕೇಳಿ, "ಎಸ್‌ಎಂಪಿಎಸ್ ಎಷ್ಟು ವರ್ಷದ್ದಮ್ಮಾ?" ಎಂದರು. ಕಂಪ್ಯೂಟರಿಗೆ ಕರೆಂಟು ಒದಗಿಸುವ ಡಬ್ಬಿಯ ಮಾತದು. ಐದು ಎಂದೆ. "ಟಿವಿಯಲ್ಲೂ ಇದೇ ಕಥೆ. ಸ್ಟ್ಯಾಂಡ್‌ಬೈ ಭಾಗಕ್ಕೆ ನಿದ್ದೆ ಅನ್ನೋದೇ ಇಲ್ಲ. ನೀವು ಆಫ್ ಮಾಡಿದ್ರೂ ಅದು ಓಡ್ತಾನೇ ಇರುತ್ತೆ. ಅದರ ಕೆಪಾಸಿಟರ್ ಒಣಗುತ್ತೆ. ನೇರಳೆ ವೈರ್ ನೋಡಿ."

ಬೋರ್ಡಿಗೆ ಬರುವ 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಒಂಬತ್ತನೇ ಪಿನ್ನಿನದು ನೇರಳೆ ವೈರು. ಎಸ್‌ಎಂಪಿಎಸ್‌ಗೆ ಕರೆಂಟು ಇರುವವರೆಗೆ ಅದರಲ್ಲಿ 5 ವೋಲ್ಟ್ ಇರುತ್ತದೆ, ಕಂಪ್ಯೂಟರ್ ಆಫ್ ಆಗಿದ್ದರೂ. ಸ್ಲೀಪ್‌ನಲ್ಲಿ ಉಳಿದ ವೈರುಗಳೆಲ್ಲ ಸತ್ತಿರುತ್ತವೆ. ರ‍್ಯಾಮ್, ಲ್ಯಾನ್ ಕಾರ್ಡ್, ಕೀಬೋರ್ಡ್, ಹಿಂದಿನ ಯುಎಸ್‌ಬಿ ಪೋರ್ಟುಗಳು ಎಲ್ಲಕ್ಕೂ ಇದೊಂದೇ ವೈರಿನಿಂದ ಊಟ. ಎಸ್‌ಎಂಪಿಎಸ್ ಪಕ್ಕದ ಲೇಬಲ್ಲಿನಲ್ಲಿ `+5VSB` ಎಂಬ ಕಡೆ ಅದು ಎಷ್ಟು ಕೊಡಬಲ್ಲದು ಎಂದು ಬರೆದಿರುತ್ತದೆ. ನನ್ನದು 2.5 ಆಂಪಿಯರ್. ಫೋನು, ಡಿಸ್ಕು, ಟ್ಯಾಬ್ಲೆಟ್ಟು ಸೇರಿದರೂ ಒಳ್ಳೆಯ ಎಸ್‌ಎಂಪಿಎಸ್ ಅದನ್ನು ಎಳೆಯಬೇಕು.

450 ರೂಪಾಯಿ ಕೊಟ್ಟು ಮಲ್ಟಿಮೀಟರ್ ತಂದೆ. ಟಿವಿ ರಿಪೇರಿಯವರೇ ಬಂದು ಹೇಗೆ ಹಿಡಿಯಬೇಕು ಎಂದು ತೋರಿಸಿಕೊಟ್ಟರು. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಯಾವುದಾದರೂ ಕಪ್ಪು ವೈರಿಗೆ, ಕೆಂಪು ಕಡ್ಡಿಯನ್ನು ನೇರಳೆ ವೈರು ಕನೆಕ್ಟರಿನೊಳಗೆ ಹೋಗುವ ಕಡೆ ಹಿಂದಿನಿಂದ ತಾಗಿಸಬೇಕು. ಕನೆಕ್ಟರ್ ಬೋರ್ಡಿನಲ್ಲಿ ಸಿಕ್ಕಿಸಿಯೇ ಇರಲಿ. ಕಡ್ಡಿ ಪಕ್ಕದ ಪಿನ್ನಿಗೂ ತಾಗಿ ಶಾರ್ಟ್ ಆಗದ ಹಾಗೆ ನೋಡಿಕೊಳ್ಳಿ. ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ವೈರೂ ಕಪ್ಪಾಗಿರುತ್ತದೆ, ಆಗ ಪಿನ್ ಎಣಿಸದೆ ಬೇರೆ ದಾರಿಯಿಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯಲೇಬೇಡಿ. ವೈರ್ ಕಿತ್ತ ಮೇಲೂ ಒಳಗೆ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಶಟ್‌ಡೌನ್ ಆಗಿದ್ದಾಗ 5.02 ಬಂತು. ಸ್ಲೀಪ್‌ನಲ್ಲಿ, ಏನೂ ಸಿಕ್ಕಿಸದೆ, 4.91. ಡಿಸ್ಕು, ಟ್ಯಾಬ್ಲೆಟ್ಟು ಹಾಕಿದಾಗ 4.80. ಅಮ್ಮನ ಫೋನ್ ಹಾಕಿದ ಕೂಡಲೇ 4.62ಕ್ಕೆ ಇಳಿದು, ಕೊನೆಯ ಅಂಕಿ ನಿಲ್ಲದೆ ಕುಣಿಯತೊಡಗಿತು. ಆಗ ಕೀ ಒತ್ತಿದೆ. ಒಂದು ಕ್ಷಣ 4.4 ಎಂದು ತೋರಿಸಿ ಮೇಲೆ ಬಂತು. ಮೀಟರ್ ನಿಧಾನ, ನಿಜವಾದ ಕುಸಿತ ಇನ್ನೂ ಆಳಕ್ಕೆ ಹೋಗಿರಬಹುದು. ಪರದೆ ಕಪ್ಪಾಗಿಯೇ ಉಳಿಯಿತು. ಎಟಿಎಕ್ಸ್ ನಿಯಮದ ಪ್ರಕಾರ ಈ ವೈರಿನಲ್ಲಿ ನೂರಕ್ಕೆ 5ರಷ್ಟು ಹೆಚ್ಚುಕಡಿಮೆ ನಡೆಯುತ್ತದೆ, ಅಂದರೆ 4.75ಕ್ಕಿಂತ ಕೆಳಗೆ ಇಳಿಯಬಾರದು.

ಎರಡೂವರೆ ತಿಂಗಳಲ್ಲಿ ಮೊದಲ ಸಲ ತೊಂದರೆ ನನ್ನ ಕಣ್ಣೆದುರು ಅಂಕಿಯಾಗಿ ನಿಂತಿತ್ತು. ಆ ಮೀಟರಿನ ಫೋಟೊ ತೆಗೆದಿಟ್ಟುಕೊಂಡೆ. ಅದು ಮುಂದೆ ಬಹಳ ಕೆಲಸಕ್ಕೆ ಬಂತು.

ಬಯಾಸ್‌ನಲ್ಲಿ `ErP Ready` ಆನ್ ಮಾಡಿದರೆ ಸರಿ ಹೋಗುತ್ತದೆ ಎಂದು ಒಬ್ಬರು ಹೇಳಿದ್ದರು. ಅದು ಶಟ್‌ಡೌನ್, ಹೈಬರ್ನೇಟ್‌ನಲ್ಲಿ ಮಾತ್ರ ಯುಎಸ್‌ಬಿ, ಲ್ಯಾನ್‌ಗಳ ಕರೆಂಟು ಕತ್ತರಿಸುತ್ತದೆ. ಸ್ಲೀಪ್‌ನಲ್ಲಿ ಅದರಿಂದ ಏನೂ ಆಗುವುದಿಲ್ಲ.

ಸ್ನೇಹಿತೆಯ ಮನೆಯಿಂದ ಒಂದು ಎಸ್‌ಎಂಪಿಎಸ್ ಎರವಲು ತಂದು ಹಾಕಿದೆ. ಅದೇ ಫೋನು, ಅದೇ ಡಿಸ್ಕು, ಅದೇ ಸ್ಲೀಪ್: 5.01. ಎಂಟು ರಾತ್ರಿ ಬೇಕಂತಲೇ ಎಲ್ಲ ಸಿಕ್ಕಿಸಿ ಮಲಗಿಸಿದೆ. ಎಂಟೂ ಬೆಳಿಗ್ಗೆ ಎದ್ದಿತು.

ವಾರಂಟಿ

ಎಸ್‌ಎಂಪಿಎಸ್‌ಗೆ ಐದು ವರ್ಷದ ವಾರಂಟಿ ಇತ್ತು, ಮುಗಿಯಲು ಏಳು ವಾರ ಬಾಕಿ. ಬಿಲ್ ತೆಗೆದು ನೋಡಿದರೆ ಥರ್ಮಲ್ ಕಾಗದ, ಅಕ್ಷರವೆಲ್ಲ ಮಾಸಿ ಬಿಳಿ ಹಾಳೆಯಾಗಿದೆ. ಕೊಂಡ ಅಂಗಡಿಗೆ ಹೋಗಿ ಕೇಳಿದಾಗ ಹಳೆಯ ಲೆಕ್ಕದಲ್ಲಿ ಹುಡುಕಿ ನಕಲು ಬಿಲ್ ಕೊಟ್ಟರು, ಎರಡು ಸಲ ಅಲೆಯಬೇಕಾಯಿತು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲೇಬೇಕು, ಅದು ಡಬ್ಬಿಯ ಮೇಲಿನ ನಂಬರಿಗೆ ಹೊಂದಬೇಕು. ಹೊಸದಾಗಿ ಕೊಂಡವರು ಅವತ್ತೇ ಬಿಲ್ಲಿನ ಫೋಟೊ ತೆಗೆದಿಡಿ.

ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಕೊರಿಯರ್ ಮಾಡಿದೆ, 280 ರೂಪಾಯಿ. ಒಂಬತ್ತು ದಿನ ಬಿಟ್ಟು ಫೋನ್ ಬಂತು. "ಮೇಡಂ, ಚೆಕ್ ಮಾಡಿದ್ವಿ, ಆನ್ ಆಗ್ತಿದೆ, ಫ್ಯಾನ್ ತಿರುಗ್ತಿದೆ. ಏನೂ ಪ್ರಾಬ್ಲಂ ಇಲ್ಲ, ವಾಪಸ್ ಕಳಿಸ್ತೀವಿ." ಕೋಪ ಬಂತು, ಆದರೆ ಅವರು ನೋಡಿದ್ದರಲ್ಲಿ ಅದು ಸರಿಯಾಗಿಯೇ ಇತ್ತು. ಆನ್ ಮಾಡಿದಾಗ ಬರುವ 12 ವೋಲ್ಟ್, 5 ವೋಲ್ಟ್ ಎಲ್ಲ ಚೆನ್ನಾಗಿವೆ. ಕೆಟ್ಟಿರುವುದು ಸ್ಟ್ಯಾಂಡ್‌ಬೈ ಮಾತ್ರ, ಅದೂ ಭಾರ ಬಿದ್ದಾಗ. ವಾಪಸ್ ಕಳಿಸಬೇಡಿ ಎಂದು ಕೇಳಿಕೊಂಡು, ಮೀಟರಿನ ಫೋಟೊಗಳನ್ನು ಇಮೇಲ್ ಮಾಡಿದೆ. ನೇರಳೆ ವೈರಿಗೆ ಒಂದೂವರೆ ಆಂಪಿಯರ್ ಭಾರ ಕೊಟ್ಟು ಅಳೆಯಿರಿ, ಲೇಬಲ್ಲಿನಲ್ಲಿ ಇರುವುದು ಎರಡೂವರೆ ಎಂದು ಬರೆದೆ. ನಾಲ್ಕು ದಿನ ಮಾತಿಲ್ಲ. ಐದನೇ ದಿನ, ಬದಲಿ ಕೊಡುತ್ತೇವೆ ಎಂಬ ಮೆಸೇಜ್ ಬಂತು. ಕೊರಿಯರ್ ಮಾಡಿದ ದಿನದಿಂದ ಲೆಕ್ಕ ಹಾಕಿದರೆ ಒಟ್ಟು ಹತ್ತೊಂಬತ್ತು ದಿನಕ್ಕೆ ಹೊಸ ಡಬ್ಬಿ ಕೈಗೆ ಸಿಕ್ಕಿತು.

ಫಾರ್ಮ್ಯಾಟ್ 500, ಸೆಲ್ 40, ಮೀಟರ್ 450, ಕೊರಿಯರ್ 280. ಎಲ್ಲ ಸೇರಿ 1,270 ರೂಪಾಯಿ. ಟಿವಿ ರಿಪೇರಿಯವರು ದುಡ್ಡು ಮುಟ್ಟಲಿಲ್ಲ. ಅವರ ಮಗಳ ಸೀಮಂತದ ಕಾರ್ಡನ್ನು ನಾನೇ ಮಾಡಿಕೊಟ್ಟೆ.

ಹೊಸದನ್ನು ಹಾಕಿದ ಮೇಲೆ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿದೆ, ಏನೂ ಆಗಿಲ್ಲ. ಕರೆಂಟು ಹೋದರೂ ಕೆಲಸ ಉಳಿಯಲಿ ಎಂದು ಹೈಬ್ರಿಡ್ ಸ್ಲೀಪ್ ಆನ್ ಮಾಡಿದ್ದೇನೆ. ಅದು ಮಲಗುವಾಗ ರ‍್ಯಾಮಿನ ಒಂದು ಪ್ರತಿಯನ್ನು ಡಿಸ್ಕಿಗೂ ಬರೆದಿಡುತ್ತದೆ. ಅಮ್ಮನ ಫೋನಿಗೆ ಗೋಡೆಯ ಪ್ಲಗ್ಗಿನಲ್ಲಿ ಬೇರೆ ಚಾರ್ಜರ್ ಹಾಕಿಕೊಟ್ಟಿದ್ದೇನೆ.

ಮೊನ್ನೆ ರಾತ್ರಿ ತಮ್ಮ ಬಂದು, "ಅಕ್ಕಾ, ನಿನ್ನ ಫೋಲ್ಡರ್ ಓಪನ್ನೇ ಆಗ್ತಿಲ್ಲ" ಎಂದ. ಅವನ ಲ್ಯಾಪ್‌ಟಾಪಿನಲ್ಲಿ ಮ್ಯಾಜಿಕ್ ಪ್ಯಾಕೆಟ್ ಕಳಿಸುವ ಒಂದು ಸಣ್ಣ ಪ್ರೋಗ್ರಾಂ ಹಾಕಿಕೊಟ್ಟೆ. ಫೈಲ್ ಬೇಕಾದಾಗ ಅವನೇ ಎಬ್ಬಿಸಿಕೊಳ್ಳುತ್ತಾನೆ. ನಿನ್ನೆಯ ಪಟ್ಟಿಯಲ್ಲಿ ಒಂದು ಸಲ ಎದ್ದ ದಾಖಲೆ ಇತ್ತು, ರಾತ್ರಿ 1:15ಕ್ಕೆ. ಯಾರೆಂದು ಈಗ ಗೊತ್ತಿದೆ.